ಗೋಕರ್ಣದ ಲಾಡ್ಜು: ಬಾಡಿಗೆಗಿಂತ ಮೊದಲು ಬಚ್ಚಲು ನೋಡಿ

ಸೋದರಿಯರೇ, ಯಾತ್ರೆಗೆ ಹೊರಟಾಗ ಅವಲಕ್ಕಿ, ಉಪ್ಪಿನಕಾಯಿ, ಅತ್ತೆಯವರ ಮಾತ್ರೆ ಎಲ್ಲವನ್ನೂ ನೆನಪಿಟ್ಟು ಕಟ್ಟುವ ನಾವು, ಉಳಿಯುವ ಜಾಗವನ್ನು ಮಾತ್ರ ಯಜಮಾನರಿಗೆ ಬಿಟ್ಟುಬಿಡುತ್ತೇವೆ. ಅವರು ಬಾಡಿಗೆ ಕೇಳುತ್ತಾರೆ, ಬಚ್ಚಲು ನೋಡುವುದಿಲ್ಲ! ಈ ಸಲ ಹೇರೂರಿನಿಂದ ಘಟ್ಟ ಇಳಿದು ಗೋಕರ್ಣಕ್ಕೆ ಹೋದಾಗ, ಮುಂಗಡ ಕೊಡುವ ಮೊದಲೇ ನಾನು ಕೋಣೆ ನೋಡಿದೆ. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಕಡಿಮೆ ಬಾಡಿಗೆಯ ಲಾಡ್ಜು, ಎರಡು ರಾತ್ರಿ. ಹೆಸರು ಬೇಡ, ನೋಡಿದ್ದು ಹೇಳುತ್ತೇನೆ.

ಹಾಸಿಗೆಯ ಮೇಲಿನ ಬಿಳಿ ಚಾದರ ನೋಡಿ ಮರುಳಾಗಬೇಡಿ. ಅದನ್ನೆತ್ತಿ ಹಾಸಿಗೆಯ ಮೂಲೆಯ ಹೊಲಿಗೆ ಬಿಡಿಸಿ ನೋಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಅದು ತಿಗಣೆಯ ಗುರುತು, ಚೀಲ ಇಳಿಸದೆ ಬೇರೆ ಕೋಣೆ ಕೇಳಿ. ನಮ್ಮ ಕೋಣೆಯಲ್ಲಿ ಅದಿರಲಿಲ್ಲ. ಬಾಗಿಲಿಗೆ ಒಳಗಿನಿಂದ ಅಗಳಿ, ಕಿಟಕಿಗೆ ಸರಳು ಎರಡೂ ಗಟ್ಟಿಯಾಗಿದ್ದವು. ಬಚ್ಚಲಿನ ಮೋರಿಯಲ್ಲಿ ಮಾತ್ರ ಸಮುದ್ರಸ್ನಾನ ಮಾಡಿ ಬಂದವರ ಮರಳು ತುಂಬಿ ನೀರು ನಿಂತಿತ್ತು. ಹೇಳಿದ ಕೂಡಲೇ ಕೆಲಸದ ಹುಡುಗ ಬಂದು, ಗೊಣಗದೆ ಜಾಳಿಗೆ ತೆಗೆದು ಸ್ವಚ್ಛ ಮಾಡಿದ.

ಇನ್ನು ನೀರು. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಸಿಹಿನೀರು ಇಳಿದಂತೆ ಉಪ್ಪುನೀರು ಒಳಸೇರುವುದುಂಟು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಿಡಿದು ಸಾಬೂನು ಉಜ್ಜಿ ನೋಡಿ. ಅತ್ತೆಯವರು ಕೈ ತೊಳೆಯುತ್ತಲೇ, "ನೊರೆನೇ ಬತ್ತಿಲ್ಲೆ ಮಾರಾಯ್ತಿ!" ಎಂದರು. ಅಂಥ ನೀರು ಮೈಗೆ ಸೈ, ಕುಡಿಯಲು ಬೇಡ; ಕುದಿಸಿದರೆ ರೋಗದ ಕ್ರಿಮಿ ಸಾಯುತ್ತದೆಯೇ ಹೊರತು ಉಪ್ಪು ಹೋಗುವುದಿಲ್ಲ. ನಾವು ಕುಡಿಯುವುದಕ್ಕೆ ಕ್ಯಾನ್ ನೀರು ತರಿಸಿದೆವು. ಮಹಡಿಯ ಕೋಣೆಗೆ ಹೋದರೆ ನೀರು ಸಣ್ಣಗೆ ಬರುವುದೂ ಸಹಜ. ಟ್ಯಾಂಕಿಗೆ ಹತ್ತಿರವಾದಷ್ಟೂ ಒತ್ತಡ ಕಡಿಮೆ. ಅತ್ತೆಯವರ ಮೊಣಕಾಲಿಗಾಗಿ ಕೆಳಗಿನ ಕೋಣೆ ಕೇಳಿದ್ದು ಇದಕ್ಕೂ ಅನುಕೂಲವಾಯಿತು.

ನಾನು ಗಾಬರಿಗೊಂಡದ್ದು ಬಿಸಿನೀರಿನ ಏರ್ಪಾಡು ಕಂಡು. ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಇತ್ತು. ಇದ್ದೊಂದು ಸಣ್ಣ ಕಿಟಕಿಗೆ ಹೊರಗಿನವರಿಗೆ ಕಾಣಬಾರದೆಂದು ರಟ್ಟು ಬಡಿದಿದ್ದರು. ಇದು ಎಷ್ಟು ಅಪಾಯ ಗೊತ್ತೇ? ಗೀಸರಿನ ಉರಿ ಕೋಣೆಯ ಗಾಳಿಯನ್ನೇ ತಿನ್ನುತ್ತದೆ. ಹೊಸ ಗಾಳಿ ಬಾರದಿದ್ದರೆ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅಡುಗೆ ಗ್ಯಾಸ್ ಸೋರಿದರೆ ತಿಳಿಯಲೆಂದು ಅದಕ್ಕೆ ವಾಸನೆ ಬೆರೆಸಿರುತ್ತಾರೆ; ಈ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಕಾಲಲ್ಲಿ ಶಕ್ತಿಯೇ ಇಲ್ಲದಂತಾಗಿ, ಅಗಳಿ ತೆಗೆಯುವ ಮೊದಲೇ ಕುಸಿದುಬೀಳಬಹುದು. ಹೀಗೆ ಬಚ್ಚಲಲ್ಲೇ ಪ್ರಾಣ ಹೋದವರು ನಮ್ಮ ರಾಜ್ಯದಲ್ಲೂ ಇದ್ದಾರೆ. ಕ್ಷೇತ್ರಗಳಲ್ಲಿ ಭಯ ಹೆಚ್ಚು, ಏಕೆಂದರೆ ದರ್ಶನದ ಅವಸರಕ್ಕೆ ಐದು ಜನ ಒಬ್ಬರ ಹಿಂದೊಬ್ಬರು ಅದೇ ಬಚ್ಚಲು ಹೊಗುತ್ತೇವೆ. ಮೊದಲಿನವರು ಬಿಟ್ಟ ಗಾಳಿಯಲ್ಲೇ ಕೊನೆಯವರ ಸ್ನಾನ!

ಮ್ಯಾನೇಜರಿಗೆ ಹೇಳಿದೆ. "ಯಾರೂ ಏನೂ ಅಂದಿಲ್ಲವಲ್ಲಮ್ಮ" ಎಂದು ನಕ್ಕರು. ಕರೆಂಟಿನ ಗೀಸರ್ ಇರುವ ಕೋಣೆ ಖಾಲಿ ಇಲ್ಲ ಎಂದರು. ಸರಿ, ರಟ್ಟು ತೆಗೆಸಿ ಕಿಟಕಿಗೆ ನನ್ನದೇ ತೆಳು ಟವೆಲು ಗಾಳಿಯಾಡುವಂತೆ ಸಡಿಲವಾಗಿ ಕಟ್ಟಿದೆ. ಬೆಳಿಗ್ಗೆ ಐದಕ್ಕೆ ಎದ್ದು, ಬಚ್ಚಲ ಬಾಗಿಲು ಪೂರ್ತಿ ತೆರೆದಿಟ್ಟು ಎರಡು ಬಕೆಟ್ ನೀರು ಹಿಡಿದು, ಗೀಸರ್ ಆರಿಸಿ, ಸಿಲಿಂಡರಿನ ಬಿರಡೆಯನ್ನೂ ತಿರುಗಿಸಿದೆ. ಹತ್ತು ನಿಮಿಷ ಗಾಳಿಯಾಡಿದ ಮೇಲೆಯೇ ಒಬ್ಬೊಬ್ಬರು ಒಳಗೆ. ಅತ್ತೆ, ಮಕ್ಕಳ ಸರದಿಯಲ್ಲಿ ಅಗಳಿ ಹಾಕಲಿಲ್ಲ, ನಾನು ಹೊರಗೆ ನಿಂತು ಮಾತಾಡಿಸುತ್ತಿದ್ದೆ. ನೀರು ಮುಗಿದಾಗ ಮತ್ತೆ ಅದೇ ಕ್ರಮ. ತಡವಾಯಿತು ನಿಜ, ಯಜಮಾನರು ಪಂಚೆಯುಟ್ಟು ಗಡಿಯಾರ ನೋಡುತ್ತ ಕೂತಿದ್ದರು. ಮಹಾಬಲೇಶ್ವರ ಎಲ್ಲಿಗೂ ಹೋಗುವುದಿಲ್ಲ ಎಂದೆ.

ಉರಿ ನೀಲಿಯ ಬದಲು ಹಳದಿ ಕಂಡರೆ ಆ ಗೀಸರನ್ನು ಹಚ್ಚಲೇಬೇಡಿ. ನೀಲಿ ಉರಿದರೂ ಗಾಳಿ ಬೇಕೇ ಬೇಕು. ಒಳಗಿದ್ದವರು ಕರೆದರೆ ಓಗೊಡದಿದ್ದರೆ, ಮೊದಲು ಬಾಗಿಲು ತೆರೆದು, ಗ್ಯಾಸ್ ನಿಲ್ಲಿಸಿ, ಬಯಲಿನ ಗಾಳಿಗೆ ತಂದು 108ಕ್ಕೆ ಫೋನ್ ಮಾಡಿ. ನೀವು ಒಳಗೆ ಹೆಚ್ಚು ಹೊತ್ತು ನಿಲ್ಲಬೇಡಿ.

ಮರುದಿನ ಅದೇ ಹುಡುಗ ಹಿತ್ತಿಲ ಒಲೆಯ ಹಂಡೆಯಿಂದ ಬಿಸಿನೀರು ತಂದುಕೊಟ್ಟ, ಯಾರೂ ಹೇಳಿರಲಿಲ್ಲ. ಅವನಿಗೆ ಪೂರ್ಣ ಅಂಕ. ಶುಚಿತ್ವಕ್ಕೆ ಪರವಾಗಿಲ್ಲ, ನೀರಿಗೆ ಸಾಧಾರಣ, ಮ್ಯಾನೇಜರ ಮಾತಿಗೆ ಸೊನ್ನೆ. ಆ ಕಿಟಕಿಗೆ ಮತ್ತೆ ರಟ್ಟು ಬಿದ್ದಿದೆಯೋ ಇಲ್ಲವೋ ನೋಡದೆ ನಾನಂತೂ ಅಲ್ಲಿ ಚೀಲ ಇಳಿಸುವುದಿಲ್ಲ.