ಲಾಂಛನ ಬದಲಾಯಿತು ಸರಿ, ಅರ್ಥ ಹೇಳುವವರು ಯಾರು?

ನಮ್ಮ ಪಾಂಡೇಸರಾದ ಒಂದು ಖಾಸಗಿ ಶಾಲೆಯವರು ಈ ಸಲ ಜೂನ್‌ನಲ್ಲಿ ಶಾಲೆ ಶುರುವಾದಾಗ ತಮ್ಮ ಲಾಂಛನವನ್ನೂ ಧ್ಯೇಯವಾಕ್ಯವನ್ನೂ ಬದಲಾಯಿಸಿದರು. ಬೆಳಗಿನ ಪ್ರಾರ್ಥನೆಗೆ ಪಾಲಕರೂ ಬರಬೇಕೆಂದು ಚೀಟಿ ಕಳಿಸಿದ್ದರು. ಪಕ್ಕದ ಮನೆಯವರ ಜೊತೆ ನಾನೂ ಹೋಗಿದ್ದೆ. ಪ್ರಿನ್ಸಿಪಾಲರು ಪರದೆ ಸರಿಸಿದರು, ಚಪ್ಪಾಳೆ ಬಿತ್ತು. ಹಳೆಯದರಲ್ಲಿ ಒಂದು ದೀಪ ಮಾತ್ರ ಇತ್ತು. ಹೊಸದರಲ್ಲಿ ಗುರಾಣಿ, ಅದರೊಳಗೆ ಭೂಗೋಳ, ಪುಸ್ತಕ, ಎರಡು ರೆಕ್ಕೆ, ಎಲ್ಲ ಸೇರಿ ನಾಲ್ಕು ಬಣ್ಣ. ಕೆಳಗೆ ಇಂಗ್ಲಿಷಿನಲ್ಲಿ "ಲರ್ನ್ ಟುಡೇ, ಲೀಡ್ ಟುಮಾರೋ".

ಇಪ್ಪತ್ತು ನಿಮಿಷ ಮಾತಾಡಿದರು. ಸ್ಪರ್ಧೆಯ ಯುಗ, ಜಾಗತಿಕ ಮಟ್ಟ, ಎಲ್ಲ ಬಂತು. ಆದರೆ ದೀಪ ಯಾಕೆ ಹೋಯಿತು, ರೆಕ್ಕೆ ಯಾಕೆ ಬಂತು ಅನ್ನುವುದು ಬರಲಿಲ್ಲ. ಕೊನೆಗೆ ಡೈಯಿಂಗ್ ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬ ಒಡಿಯಾ ತಂದೆ ಕೈ ಎತ್ತಿ ಹಿಂದಿಯಲ್ಲಿ ಕೇಳಿದ: "ಸಾಹೇಬ್, ಹಳೇ ಬ್ಯಾಡ್ಜ್ ನಡೆಯುತ್ತಾ?" ಕೆಲವರು ನಕ್ಕರು. "ನೋಟಿಸ್ ಬರುತ್ತೆ" ಅಂದರು ಪ್ರಿನ್ಸಿಪಾಲರು.

ಆ ಬೆಳಿಗ್ಗೆ ಕೇಳಿದ ಒಂದೇ ಒಂದು ಸರಿಯಾದ ಮಾತು ಅದು ಅನ್ನುತ್ತೇನೆ ನಾನು. ಲಾಂಛನ ಬದಲಿಸಿದಾಗ ಜನರಿಗೆ ಬೇಕಾಗುವುದು ನಾಲ್ಕೇ ಉತ್ತರ. ಯಾಕೆ ಬದಲಾಯಿತು? ಈ ಚಿತ್ರ ಎಲ್ಲಿಂದ ಬಂತು? ಈ ಮಾತಿನ ಅರ್ಥವೇನು? ಹಳೆಯದನ್ನು ಏನು ಮಾಡಬೇಕು? ಇವನ್ನು ಹೇಳದ ಭಾಷಣ ಇಪ್ಪತ್ತು ನಿಮಿಷದ್ದಾದರೂ ಒಂದೇ, ಎರಡು ಗಂಟೆಯದಾದರೂ ಒಂದೇ.

ಇದು ಸಣ್ಣ ಶಾಲೆಯ ಸಣ್ಣ ವಿಷಯ ಅಂತೀರಾ? ಹಾಗಾದರೆ ನಮ್ಮ ಗುಜರಾತಿನದೇ ದೊಡ್ಡ ಸಂಸ್ಥೆಯ ಕಥೆ ಕೇಳಿ. ಅಹಮದಾಬಾದಿನ ಐಐಎಂ ಶುರುವಾದದ್ದು 1961ರಲ್ಲಿ. ಅದರ ಲಾಂಛನದಲ್ಲಿರುವುದು ಅದೇ ಊರಿನ ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಿ. 1572-73ರಲ್ಲಿ, ಗುಜರಾತಿನ ಸುಲ್ತಾನರ ಆಳ್ವಿಕೆಯ ಕೊನೆಯ ದಿನಗಳಲ್ಲಿ ಕಟ್ಟಿಸಿದ ಮಸೀದಿ ಅದು. ಕಟ್ಟಿಸಿದ ಸಿದಿ ಸಯ್ಯದ್ ಆಫ್ರಿಕಾ ಮೂಲದವನು. ಕಮಾನಿನ ಕಿಟಕಿಯೊಳಗೆ ಒಂದು ಮರ, ಅದರ ಕೊಂಬೆಗಳು ಬಳ್ಳಿಯಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ಲಾಂಛನದಲ್ಲಿ ಆ ಚಿತ್ರದ ಜೊತೆ ಸಂಸ್ಕೃತದ ಮಾತು: ವಿದ್ಯಾವಿನಿಯೋಗಾದ್ವಿಕಾಸಃ.

2022ರ ಮಾರ್ಚ್‌ನಲ್ಲಿ ಇದನ್ನು ಬದಲಿಸುವ ಸುದ್ದಿ ಹೊರಬಂತು. ದೇಶದೊಳಗೆ ಒಂದು, ಹೊರದೇಶಕ್ಕೆ ಒಂದು, ಹೀಗೆ ಎರಡು ಲಾಂಛನ, ಹೊರದೇಶದ್ದರಲ್ಲಿ ಸಂಸ್ಕೃತ ಇಲ್ಲ ಅಂತ. ಸುಮಾರು 45 ಪ್ರಾಧ್ಯಾಪಕರು ಆಡಳಿತ ಮಂಡಳಿಗೆ ಪತ್ರ ಬರೆದರು. ಅವರ ಮುಖ್ಯ ದೂರು ಚಿತ್ರದ ಅಂದಚೆಂದದ ಬಗ್ಗೆ ಅಲ್ಲ, ನಮ್ಮನ್ನು ಕೇಳದೆ ತೀರ್ಮಾನಿಸಿದ್ದೀರಿ ಅನ್ನುವುದು. ಕೊನೆಗೆ ಹೊಸ ಲಾಂಛನ ಬಂದಾಗ ಸಂಸ್ಕೃತದ ಮಾತು ಉಳಿದುಕೊಂಡಿತು.

ನೋಡಿ, ಅಷ್ಟು ಓದಿದವರ ಜಾಗದಲ್ಲೂ ಎಡವಟ್ಟಾದದ್ದು ಇಲ್ಲೇ. ತೀರ್ಮಾನ ಮೊದಲು, ವಿವರಣೆ ಆಮೇಲೆ. ಪರದೆ ಸರಿಸಿದ ಮೇಲೆ ಮಾಡುವ ಭಾಷಣ ಎಷ್ಟೇ ಚೆನ್ನಾಗಿದ್ದರೂ ಅದು ಸಮಜಾಯಿಷಿ ಅಷ್ಟೇ. ಒಂದು ತಿಂಗಳು ಮೊದಲೇ ಕರಡು ಚಿತ್ರವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದರೆ ನಮ್ಮ ಪ್ರಿನ್ಸಿಪಾಲರಿಗೆ ಖರ್ಚಾಗುತ್ತಿದ್ದದ್ದು ನಾಲ್ಕು ಡ್ರಾಯಿಂಗ್ ಪಿನ್ನು.

ಅಂಟಿಸಿದ್ದರೆ ಇನ್ನೊಂದು ಲಾಭವೂ ಇತ್ತು. ಸೂರತ್‌ನಲ್ಲಿ ಬಟ್ಟೆಯ ಕೆಲಸ ಗೊತ್ತಿಲ್ಲದ ಪಾಲಕರು ಎಷ್ಟು ಜನ ಸಿಗುತ್ತಾರೆ? ಸ್ಕ್ರೀನ್ ಪ್ರಿಂಟಿಂಗ್ ಮಾಡುವವನು ನೋಡಿದ ಕೂಡಲೇ ಹೇಳುತ್ತಿದ್ದ: ನಾಲ್ಕು ಬಣ್ಣ ಅಂದರೆ ನಾಲ್ಕು ಸ್ಕ್ರೀನ್, ಒಂದು ಕೂದಲೆಳೆಯಷ್ಟು ಸರಿದರೂ ಭೂಗೋಳ ಪುಸ್ತಕದ ಮೇಲೆ ಬಂದು ಕೂರುತ್ತೆ. ಎಂಬ್ರಾಯ್ಡರಿ ಮಷೀನಿನವನು ಹೇಳುತ್ತಿದ್ದ: ಐದು ಮಿಲಿಮೀಟರಿಗಿಂತ ಚಿಕ್ಕ ಅಕ್ಷರ ದಾರದಲ್ಲಿ ಮುಚ್ಚಿಹೋಗುತ್ತೆ. ಇಂಗ್ಲಿಷ್ ಅಕ್ಷರದ್ದೇ ಈ ಗತಿಯಾದರೆ ಒತ್ತಕ್ಷರ ಇರುವ ದೇವನಾಗರಿ, ಗುಜರಾತಿ, ಕನ್ನಡದ ಪಾಡು ಕೇಳುವುದೇ ಬೇಡ. ಪರೀಕ್ಷೆ ಬಹಳ ಸುಲಭ. ಲಾಂಛನವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ, ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ. ಏನು ಅಂತ ಗೊತ್ತಾದರೆ ಪಾಸು, ಮಸಿ ಚೆಲ್ಲಿದ ಹಾಗೆ ಕಂಡರೆ ನಪಾಸು. ಹಳೆಯ ದೀಪ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತಿತ್ತು.

ಇನ್ನು ಅರ್ಥದ ವಿಷಯ. ನನಗೆ ಮುಖ್ಯ ಅನ್ನಿಸುವುದು ಇದೇ. ಆ ಐಐಎಂ ಮಾತನ್ನೇ ತಗೊಳ್ಳಿ. ವಿದ್ಯೆಯ ವಿನಿಯೋಗದಿಂದ ವಿಕಾಸ. ವಿನಿಯೋಗ ಅಂದರೆ ಬಳಕೆ ಅಂತಲೂ ಆಗುತ್ತದೆ, ಹಂಚುವುದು ಅಂತಲೂ ಆಗುತ್ತದೆ. ನಮ್ಮ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಪೂಜೆಯ ಆಮಂತ್ರಣದಲ್ಲಿ "ತೀರ್ಥ ಪ್ರಸಾದ ವಿನಿಯೋಗ" ಅಂತ ಓದಿಯೇ ಬೆಳೆದವರು ನಾವು. ಪ್ರಸಾದವನ್ನು ಒಬ್ಬನೇ ಇಟ್ಟುಕೊಳ್ಳುವ ಹಾಗಿಲ್ಲ, ಸಾಲಿನಲ್ಲಿ ನಿಂತವರಿಗೆಲ್ಲ ಕೊಡಬೇಕು. ವಿದ್ಯೆಯೂ ಹಾಗೆ ಅಂದುಬಿಟ್ಟರೆ ಐದನೇ ಕ್ಲಾಸಿನ ಹುಡುಗನಿಗೂ ತಿಳಿಯುತ್ತದೆ. ಮೈಸೂರು ವಿಶ್ವವಿದ್ಯಾಲಯದ ಲಾಂಛನದಲ್ಲಿ ಗಂಡಭೇರುಂಡ ಇದೆ. ಎರಡು ತಲೆಯ ಹಕ್ಕಿ ಯಾಕೆ ಅಂತ ಮಗು ಕೇಳಿದರೆ ಮೈಸೂರು ಅರಸರ ಚರಿತ್ರೆಯನ್ನೇ ಹೇಳಬಹುದು. ಗುರಾಣಿಯ ಮೇಲಿನ ರೆಕ್ಕೆ ಯಾಕೆ ಅಂತ ಕೇಳಿದರೆ? ಕಂಪ್ಯೂಟರಿನಲ್ಲಿ ರೆಡಿ ಸಿಕ್ಕಿತು ಅಂತ ಹೇಳಬೇಕಾಗುತ್ತದೆ.

ಸೂರತ್ ಮಹಾನಗರಪಾಲಿಕೆಯ ಶಾಲೆಗಳಲ್ಲಿ ಗುಜರಾತಿ, ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್ ಹೀಗೆ ಏಳು ಮಾಧ್ಯಮಗಳಿವೆ. ಕನ್ನಡ ಅದರಲ್ಲಿಲ್ಲ. ನಮ್ಮ ಸಂಖ್ಯೆ ಅಷ್ಟಿಲ್ಲ, ತಕರಾರು ಮಾಡುತ್ತಿಲ್ಲ. ಆದರೆ ಇಂಥ ಊರಿನ ಶಾಲೆಯ ಅಂಗಳದಲ್ಲಿ ನಿಂತು ಒಂದೇ ಭಾಷೆಯಲ್ಲಿ ಧ್ಯೇಯವಾಕ್ಯ ಘೋಷಿಸಿದರೆ ಅದು ಮನೆ ತಲುಪುವುದಿಲ್ಲ. ಅವತ್ತು ದಾರಿಯಲ್ಲಿ ಪಕ್ಕದ ಮನೆಯಾಕೆ ಮಗಳನ್ನು "ಲೀಡ್ ಅಂದ್ರೇನವ್ವಾ?" ಅಂತ ಕೇಳಿದಳು. ಹುಡುಗಿ ಯೋಚಿಸಿ, "ಮುಂದ ಇರೂದು" ಅಂದಳು. "ಮತ್ತ ಹಿಂದ ಇರೋರು ಯಾರು?" ಅಂದಳು ತಾಯಿ. ಈ ಪ್ರಶ್ನೆಗೆ ಇಪ್ಪತ್ತು ನಿಮಿಷದ ಭಾಷಣದಲ್ಲಿ ಉತ್ತರ ಇರಲಿಲ್ಲ.

ನನ್ನನ್ನು ಕೇಳಿದ್ದರೆ ಐದು ನಿಮಿಷದ ಭಾಷಣ ಬರೆದುಕೊಡುತ್ತಿದ್ದೆ. ಹೀಗೆ:

"ಮಕ್ಕಳೇ, ಪಾಲಕರೇ, ಮೊದಲು ಹಳೇ ಬ್ಯಾಡ್ಜ್ ಬಗ್ಗೆ ಹೇಳುತ್ತೇನೆ. ಅದು ಹರಿಯುವವರೆಗೆ ಹಾಕಿಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ. ಹೊಸದನ್ನು ಹೊಸ ಅಂಗಿ ಹೊಲಿಸಿದಾಗ ಹಾಕಿಸಿದರೆ ಸಾಕು. ಹಳೆಯ ದೀಪವನ್ನು ನಾವು ಬಿಟ್ಟಿಲ್ಲ, ಇಲ್ಲಿ ನಡುವೆ ಇದೆ ನೋಡಿ. ಅದರ ಸುತ್ತ ಇರುವುದು ನೂಲಿನ ಎಳೆ. ನಿಮ್ಮ ಅಪ್ಪ ಅಮ್ಮಂದಿರು ಈ ಊರಿಗೆ ಬಂದದ್ದು ಆ ನೂಲಿಗಾಗಿ. ಕೆಳಗಿನ ಮಾತಿನ ಅರ್ಥ ಕಲಿತದ್ದನ್ನು ಹಂಚು ಅಂತ. ನಾಳೆ ಪ್ರತಿಯೊಬ್ಬರೂ ಇದನ್ನು ನಿಮ್ಮ ಮನೆಯ ಭಾಷೆಯಲ್ಲಿ ಹೇಗೆ ಹೇಳುತ್ತಾರೆ ಅಂತ ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಬರೆದುಕೊಂಡು ಬನ್ನಿ. ಎಲ್ಲವನ್ನೂ ಬಾಗಿಲ ಬಳಿಯ ಗೋಡೆಯ ಮೇಲೆ ಬರೆಸುತ್ತೇವೆ."

ಇಷ್ಟೇ ಸಾಕು. ಒಡಿಯಾ, ತೆಲುಗು, ಮರಾಠಿ, ಭೋಜ್‌ಪುರಿ ಜೊತೆ ಕನ್ನಡದ ಒಂದು ಸಾಲೂ ಆ ಗೋಡೆಯ ಮೇಲೆ ಬರುತ್ತಿತ್ತು. ಆ ಹುಡುಗಿ ಅವ್ವನನ್ನು ಕೇಳಿ, ಮೊದಲ ಸಲ ಶಾಲೆಯ ಕೆಲಸಕ್ಕಾಗಿ ಕನ್ನಡ ಬರೆಯುತ್ತಿದ್ದಳು.

ಅದಿರಲಿ, ನೀವು ಓದಿದ ಶಾಲೆಯ ಧ್ಯೇಯವಾಕ್ಯ ನಿಮಗೆ ನೆನಪಿದೆಯಾ? ಅದರ ಅರ್ಥವನ್ನು ಯಾರಾದರೂ ಒಂದು ದಿನವಾದರೂ ನಿಮಗೆ ಹೇಳಿದ್ದರಾ?