ಹಳೆಯ ಪ್ರತಿಯ ಹುಡುಕಾಟ

ಯಾರೋ ಕಳಿಸಿದ ಚಿತ್ರ ಮೊಬೈಲಿಗೆ ಬಂದು ಬಿದ್ದಾಗ ನಾವು ಕೇಳಿಕೊಳ್ಳುವ ಮೊದಲ ಪ್ರಶ್ನೆ ‘ಇದು ನಿಜವೇ, ಸುಳ್ಳೇ?’ ಎಂಬುದು. ಈ ಪ್ರಶ್ನೆಯೇ ದಾರಿ ತಪ್ಪಿಸುತ್ತದೆಂದು ನಮಗೆ ಅನ್ನಿಸುತ್ತದೆ. ಜನರ ಜೀವ ತೆಗೆದ ಸುಳ್ಳುಗಳಲ್ಲಿ ಚಿತ್ರ ಅನೇಕ ಸಲ ನಿಜವಾದದ್ದೇ ಆಗಿತ್ತು. ಸುಳ್ಳಾಗಿದ್ದದ್ದು ಅದರ ಊರು, ಕಾಲ ಮತ್ತು ಕೆಳಗೆ ಅಂಟಿಸಿದ ನಾಲ್ಕು ಸಾಲು. ಆದ್ದರಿಂದ ಕೇಳಬೇಕಾದದ್ದು ಬೇರೆ: ಈ ಚಿತ್ರ ಮೊದಲು ಎಲ್ಲಿ, ಯಾವಾಗ ಕಾಣಿಸಿಕೊಂಡಿತು?

2018ರ ಬೇಸಿಗೆಯಿಂದ ಮಳೆಗಾಲದವರೆಗೆ ದೇಶದ ಹಲವು ಕಡೆ ಹರಡಿದ ಮಕ್ಕಳ ಕಳ್ಳರ ವದಂತಿಯನ್ನೇ ತೆಗೆದುಕೊಳ್ಳೋಣ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ, ಜುಲೈ ಮೊದಲ ದಿನ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರು, ಅದೇ ತಿಂಗಳ 13ರಂದು ಬೀದರಿನ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬರು ಗುಂಪಿನ ಕೈಗೆ ಸಿಕ್ಕು ಸತ್ತರು. ಆ ವದಂತಿಯ ಜೊತೆ ಎರಡು ದೃಶ್ಯಗಳು ಸುತ್ತುತ್ತಿದ್ದವು. ಒಂದು, ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ. ಇನ್ನೊಂದು, ಸಾಲಾಗಿ ಮಲಗಿಸಿದ ಮಕ್ಕಳ ಶವಗಳ ಚಿತ್ರ. ಅಂಗಾಂಗಗಳಿಗಾಗಿ ಕೊಂದ ಮಕ್ಕಳು ಎಂಬುದು ಅದರ ಒಕ್ಕಣೆ.

ಎರಡನೆಯದು ಸುಲಭ, ಅದರಿಂದಲೇ ಆರಂಭಿಸೋಣ. ವಾಟ್ಸಾಪ್ ಮೂಲಕ ಬಂದ ಚಿತ್ರದೊಳಗೆ ತೆಗೆದ ದಿನ, ಸ್ಥಳಗಳ ಮಾಹಿತಿ ಉಳಿದಿರುವುದಿಲ್ಲ. ಕಳಿಸುವಾಗಲೇ ಅದು ಅಳಿದುಹೋಗುತ್ತದೆ. ಹಾಗಾಗಿ ಕಡತವನ್ನು ಜಾಲಾಡಿ ಪ್ರಯೋಜನವಿಲ್ಲ. ಚಿತ್ರದ ಮೇಲೆ ಯಾರೋ ಬರೆದ ಅಕ್ಷರ, ಅಂಟಿಸಿದ ಕೆಂಪು ವೃತ್ತ ಇವನ್ನು ಕತ್ತರಿಸಿ, ಉಳಿದ ಭಾಗವನ್ನು ಗೂಗಲ್ ಲೆನ್ಸ್‌ಗೆ ಕೊಡಬೇಕು. ಅದು ಮೊದಲು ತೋರಿಸುವುದು ಹೋಲುವ ಚಿತ್ರಗಳನ್ನು. ನಮಗೆ ಬೇಕಾದದ್ದು ಅದೇ ಚಿತ್ರ. ಆದ್ದರಿಂದ `Exact matches` ಎಂಬಲ್ಲಿ ಒತ್ತಬೇಕು. ಅಲ್ಲಿ ಸಿಗದಿದ್ದರೆ `tineye.com` ಎಂಬ ತಾಣವಿದೆ. ಅದರಲ್ಲಿ ಫಲಿತಾಂಶಗಳನ್ನು `Oldest` ಎಂಬ ಕ್ರಮಕ್ಕೆ ಬದಲಿಸಿದರೆ ತೀರ ಹಳೆಯದು ಮೇಲೆ ಬರುತ್ತದೆ. ಆ ದಿನಾಂಕವಾದರೂ ಚಿತ್ರ ಪ್ರಕಟವಾದ ದಿನವಲ್ಲ, ತಾಣದ ಯಂತ್ರ ಅದನ್ನು ಮೊದಲು ಕಂಡ ದಿನ. ಪ್ರಕಟಣೆ ಅದಕ್ಕಿಂತ ಹಿಂದಿನದಾಗಿರಬಹುದು, ಮುಂದಿನದಾಗಿರಲಾರದು.

ಆ ಶವಗಳ ಚಿತ್ರದ ಜಾಡು ಸಿರಿಯಾಕ್ಕೆ ಹೋಗುತ್ತದೆ. 2013ರ ಆಗಸ್ಟಿನಲ್ಲಿ ದಮಾಸ್ಕಸ್ ಬಳಿಯ ಘೌಟಾದಲ್ಲಿ ನಡೆದ ರಾಸಾಯನಿಕ ದಾಳಿಯಲ್ಲಿ ಸತ್ತ ಮಕ್ಕಳು ಅವರು. 2018ರಲ್ಲಿ ನಡೆಯಿತೆಂದ ಘಟನೆಯ ಚಿತ್ರ ಐದು ವರ್ಷ ಹಿಂದೆಯೇ ಪ್ರಕಟವಾಗಿದ್ದರೆ ಒಕ್ಕಣೆ ಅಲ್ಲಿಗೇ ಬಿದ್ದುಹೋಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಪುಟದ ದಿನಾಂಕ ಹಳೆಯದಿದ್ದು, ಚಿತ್ರ ಅದರ ಬದಿಯ ‘ಇತ್ತೀಚಿನ ಸುದ್ದಿ’ಯ ಅಂಕಣದಲ್ಲಿ ಹೊಸದಾಗಿ ಬಂದು ಕೂತಿರಬಹುದು. ಪುಟವನ್ನು ತೆರೆದು, ಚಿತ್ರ ಲೇಖನದ ಒಳಗೇ ಇದೆಯೇ, ಅದರ ಕೆಳಗೆ ಊರು, ದಿನ, ಸುದ್ದಿಸಂಸ್ಥೆಯ ಹೆಸರು ಇವೆಯೇ ಎಂದು ಓದಿಯೇ ನಂಬಬೇಕು.

ವಿಡಿಯೊ ಇಷ್ಟು ಸುಲಭವಲ್ಲ. ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ಮೂರು ನಾಲ್ಕು ಕಡೆ ಸ್ಕ್ರೀನ್‌ಶಾಟ್ ತೆಗೆದು, ಒಂದೊಂದನ್ನೂ ಬೇರೆ ಬೇರೆಯಾಗಿ ಹುಡುಕಬೇಕು. ಮುಖಗಳು ಮಸುಕಾಗಿರುವ ಕಡೆಗಿಂತ ಗೋಡೆ, ಅಂಗಡಿಯ ಫಲಕ, ವಾಹನದ ನಂಬರು ಸ್ಪಷ್ಟವಾಗಿರುವ ಕಡೆ ನಿಲ್ಲಿಸುವುದು ಮೇಲು. ಎಡಬಲ ತಿರುಗಿಸಿ ಹರಡಿದ ವಿಡಿಯೊಗಳೂ ಉಂಟು. ಫಲಕದ ಅಕ್ಷರ ತಿರುಗುಮುರುಗಾಗಿದ್ದರೆ ಚಿತ್ರವನ್ನು ಮತ್ತೆ ತಿರುಗಿಸಿ ಹುಡುಕಬೇಕು. ಬೈಕಿನ ಆ ವಿಡಿಯೊದ ಮೂಲ ಕರಾಚಿಯದು. ಮಕ್ಕಳ ಸುರಕ್ಷತೆಗಾಗಿ ದುಡಿಯುವ ರೋಶನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ 2016ರಲ್ಲಿ ಪೋಷಕರನ್ನು ಎಚ್ಚರಿಸಲು ಮಾಡಿಸಿದ ಜಾಹೀರಾತು ಅದು. ಮೂಲದಲ್ಲಿ ಬೈಕಿನವರು ತಿರುಗಿ ಬಂದು ಮಗುವನ್ನು ಇಳಿಸುತ್ತಾರೆ. ಕರಾಚಿಯ ಬೀದಿಯಲ್ಲಿ ಮಗುವನ್ನು ಅಪಹರಿಸಲು ಒಂದು ಕ್ಷಣ ಸಾಕು ಎಂಬ ಅರ್ಥದ ಫಲಕವನ್ನು ಎತ್ತಿ ಹಿಡಿಯುತ್ತಾರೆ. ನಮ್ಮಲ್ಲಿಗೆ ಬಂದದ್ದರಲ್ಲಿ ಆ ಕೊನೆಯಿಲ್ಲ. ಯಾರೋ ಹೊಸದಾಗಿ ಏನನ್ನೂ ಸೇರಿಸಲಿಲ್ಲ, ಕೆಲವೇ ಕ್ಷಣಗಳ ದೃಶ್ಯವನ್ನು ಕತ್ತರಿಸಿದರು, ಅಷ್ಟೆ. ಆ ತುಣುಕನ್ನು ಎಷ್ಟು ಹಿಗ್ಗಿಸಿ ನೋಡಿದರೂ ಅದರೊಳಗೆ ಸುಳ್ಳಿನ ಗುರುತು ಸಿಗುತ್ತಿರಲಿಲ್ಲ. ಮೂಲವನ್ನು ಪಕ್ಕದಲ್ಲಿ ಇಟ್ಟಾಗಲೇ ಕೊರತೆ ಕಾಣುವುದು.

ಓಲೆಗರಿಗಳ ಸಂಪಾದನೆಯನ್ನು ಬಲ್ಲವರಿಗೆ ಇದು ಹೊಸ ವಿದ್ಯೆಯಲ್ಲ. ಒಂದೇ ಪ್ರತಿಯನ್ನು ದಿಟ್ಟಿಸುತ್ತ ಕೂತವನಿಗೆ ಲಿಪಿಕಾರ ಬಿಟ್ಟ ಪದ್ಯ ಎಂದೂ ಕಾಣದು. ಹಲವು ಪ್ರತಿಗಳನ್ನು ಕೂಡಿಸಿ, ಪಾಠಾಂತರಗಳನ್ನು ಗುರುತಿಸಿ, ಯಾವುದು ಯಾವುದರಿಂದ ಹುಟ್ಟಿತೆಂದು ವಿಚಾರಿಸಿದಾಗ ಮಾತ್ರ ಪ್ರಕ್ಷಿಪ್ತವೂ ಲೋಪವೂ ಬಯಲಾಗುತ್ತವೆ.

ಈ ವಿಚಾರದಲ್ಲಿ ಹೊರನಾಡಿನ ಕನ್ನಡಿಗರಿಗೆ ಒಂದು ಅನುಕೂಲವಿದೆ. ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ. 2018ರ ಆ ಸಂದೇಶ ಭಾಷೆಯಿಂದ ಭಾಷೆಗೆ ದಾಟುತ್ತ, ಆಯಾ ಊರಿನ ಹೆಸರು ಹೊತ್ತು ತಿರುಗಿತು: ಇಂತಿಷ್ಟು ಜನ ಮಕ್ಕಳ ಕಳ್ಳರು ನಮ್ಮ ಊರಿಗೆ ಬಂದಿಳಿದಿದ್ದಾರೆ, ಅವರು ಬೇರೆ ರಾಜ್ಯದವರು, ನಮ್ಮ ಭಾಷೆ ಬಾರದವರು. ಊರಿನ ಬಂಧುಗಳ ಗುಂಪಿನಲ್ಲಿ ಕನ್ನಡದಲ್ಲಿ ಬರುವ ಒಕ್ಕಣೆಯೇ ನಾವಿರುವ ಸೊಸೈಟಿಯ ಗುಂಪಿನಲ್ಲಿ ಮರಾಠಿಯಲ್ಲೋ ತೆಲುಗಿನಲ್ಲೋ ಬಂದರೆ, ಎರಡನ್ನೂ ಓದಬಲ್ಲವರು ನಾವು. ವಾಕ್ಯ ಒಂದೇ, ಊರಿನ ಹೆಸರಷ್ಟೇ ಬೇರೆ ಎಂದಾದರೆ ಆ ಊರಿನಲ್ಲಿ ಯಾರೂ ಕಣ್ಣಾರೆ ಕಂಡು ಬರೆದದ್ದಲ್ಲ ಎಂದು ತಿಳಿಯಲು ಯಾವ ತಂತ್ರಾಂಶವೂ ಬೇಡ. ಭಾಷೆ ಬಾರದವರನ್ನು ಅನುಮಾನಿಸಿ ಎಂಬ ಸಂದೇಶವನ್ನು, ಪರಭಾಷೆಯ ನಾಡಿನಲ್ಲಿ ಬಾಳುವ ನಾವೇ ಮುಂದಕ್ಕೆ ದಾಟಿಸುವುದಂತೂ ವಿಚಿತ್ರ.

ಗುಂಪುಗಳಲ್ಲಿ ಇದನ್ನು ಹೇಳಿದಾಗ ಸಿಗುವ ಉತ್ತರ ನಮಗೆ ಬಾಯಿಪಾಠವಾಗಿದೆ: ‘ಸುಳ್ಳೇ ಇರಲಿ ಬಿಡಿ, ಜನ ಎಚ್ಚರಿಕೆಯಿಂದ ಇದ್ದರೆ ನಷ್ಟವೇನು?’ ನಷ್ಟವೇನೆಂಬುದಕ್ಕೆ ರೈನ್‌ಪಾಡಾದ ಐವರ ಮನೆಯವರಿದ್ದಾರೆ. ‘ಬಂದದ್ದನ್ನು ಬಂದ ಹಾಗೆ ಕಳಿಸಿದ್ದೇನೆ’ ಎಂಬ ಅಡಿಟಿಪ್ಪಣಿಯನ್ನೂ ನಾವು ಒಪ್ಪುವುದಿಲ್ಲ. ನೂರು ಜನರಿಗೆ ಕಳಿಸಲು ಇದ್ದ ಬಿಡುವು, ಒಂದು ಚಿತ್ರವನ್ನು ಹುಡುಕಲು ಇಲ್ಲವೆಂದರೆ ಹೇಗೆ?

ಹುಡುಕಿದರೂ ಏನೂ ಸಿಗದಿರುವುದುಂಟು. ಆಗ ‘ಹಳೆಯ ಪ್ರತಿ ಇಲ್ಲ, ಆದ್ದರಿಂದ ನಿಜ’ ಎಂದು ತೀರ್ಮಾನಿಸುವುದು ದೊಡ್ಡ ತಪ್ಪು. ಹಳೆಯ ಪ್ರತಿ ಸಿಕ್ಕರೆ ಒಕ್ಕಣೆ ಸುಳ್ಳೆಂದು ಖಚಿತ. ಸಿಗದಿದ್ದರೆ ಯಾವುದೂ ಖಚಿತವಲ್ಲ. ಮುಚ್ಚಿದ ಗುಂಪುಗಳೊಳಗಷ್ಟೇ ಸುತ್ತಿದ ಚಿತ್ರ ಯಾವ ಹುಡುಕುತಾಣಕ್ಕೂ ಕಾಣದು. ಈಗಷ್ಟೇ ತೆಗೆದದ್ದಕ್ಕೆ ಹಳೆಯ ಪ್ರತಿ ಇರುವುದೇ ಇಲ್ಲ.

ಮುರ್ಕಿಯಲ್ಲಿ ಆದದ್ದು ಇದೇ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಹತ್ತಿರದ ಹಂದಿಕೇರಾದಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅನುಮಾನಗೊಂಡ ಜನ ಮುತ್ತಿದಾಗ ಕಾರು ಹತ್ತಿ ಹೊರಟರು. ಅವರ ದೃಶ್ಯ, ಮಕ್ಕಳ ಕಳ್ಳರೆಂಬ ಮಾತಿನೊಂದಿಗೆ, ವಾಟ್ಸಾಪಿನಲ್ಲಿ ಅವರಿಗಿಂತ ಮುಂದೆ ಮುರ್ಕಿಯನ್ನು ಮುಟ್ಟಿತು. ದೃಶ್ಯ ಅಂದಿನದೇ, ಊರು ಅಲ್ಲಿಯದೇ, ಮನುಷ್ಯರೂ ಅವರೇ. ಲೆನ್ಸ್ ಆಗಲಿ ಇನ್ನೊಂದಾಗಲಿ ಅಲ್ಲಿ ಏನೂ ಹೇಳುತ್ತಿರಲಿಲ್ಲ. ಕೇಳಬಹುದಾಗಿದ್ದ ಪ್ರಶ್ನೆಗಳು ಕೆಲವೇ: ಇದನ್ನು ತೆಗೆದವರು ಯಾರು, ಅವರು ಕಣ್ಣಾರೆ ಕಂಡದ್ದೇನು, ಯಾವ ಮನೆಯ ಮಗು ಕಾಣೆಯಾಗಿದೆ? ಹಂದಿಕೇರಾಕ್ಕೆ ಒಂದು ಫೋನ್ ಮಾಡಿದ್ದರೆ ಕೊನೆಯ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು: ಯಾವ ಮನೆಯದೂ ಅಲ್ಲ.