Cc ಲಿ ಹಾಕಿದ್ರೆ ಸುಮ್ನಿರ್ಬೋದಾ?

(1/3)
"ನನ್ನ ಬರೀ Cc ಲಿ ಹಾಕಿದಾರೆ, ನಂಗ್ಯಾಕೆ ಬೇಕು?" ಈ ಮಾತು ಅರ್ಧ ಸರಿ. ಉಳಿದ ಅರ್ಧದ ಮೇಲೆ ನನ್ನ ಜಗಳ.

ಯಾವ್ದಾದ್ರೂ ಸರ್ಕಾರಿ ಪತ್ರದ ಕೊನೆ ನೋಡ್ರಿ. ಸಹಿ ಕೆಳಗೆ ಪ್ರತಿ ಯಾರ್ಯಾರಿಗೆ ಅಂತ ಇರತ್ತೆ. ಒಬ್ಬರ ಹೆಸರಿನ ಮುಂದೆ "ಮಾಹಿತಿಗಾಗಿ", ಇನ್ನೊಬ್ಬರ ಮುಂದೆ "ಸೂಕ್ತ ಕ್ರಮಕ್ಕಾಗಿ". ಮೊದಲನೆಯವರು ಓದಿ ಫೈಲಿಗೆ ಹಾಕಿದ್ರೆ ಸಾಕು. ಎರಡನೆಯವರು ಸುಮ್ನೆ ಕೂತ್ರೆ ಕೆಲಸ ನಿಂತ ಹಾಗೆ. Cc ಲಿ ಈ ಎರಡು ಪದ ಬರೆಯೋ ಜಾಗ ಇಲ್ಲ, ಒಳಗಿನ ಸಾಲು ಓದಿ ನಾವೇ ತಿಳ್ಕೋಬೇಕು.

(2/3)
ಹೀಗೊಂದು ಮೇಲ್ ಬಂತು ಅಂದ್ಕೊಳ್ಳಿ. To ಲಿ ಸರ್ ಒಬ್ರೇ, Cc ಲಿ ನಾಲ್ಕು ಜನ. "ಶನಿವಾರ ಕುರುಗೋಡಿನ ದೊಡ್ಡಬಸವೇಶ್ವರ ದೇವಸ್ಥಾನಕ್ಕೆ ಹೋಗ್ತೀವಿ ಸರ್. ಬಳ್ಳಾರಿಯವರು ಇಬ್ಬರು ನನ್ನ ಜೊತೆ, ಸಿರುಗುಪ್ಪದವರು ಇಬ್ಬರು ನೇರ ಅಲ್ಲಿಗೇ. ಅನುಮತಿ ಪತ್ರ ಸಿರುಗುಪ್ಪದವರು ತರ್ತಾರೆ."

ಬಳ್ಳಾರಿಯವರು ಸುಮ್ನಿರ್ಲಿ, ತಪ್ಪೇನಿಲ್ಲ. ದಯವಿಟ್ಟು "ಓಕೆ ಸರ್" ಅಂತ ಎಲ್ಲರಿಗೂ ಕಳಿಸ್ಬೇಡಿ, ಬೇಕಾದ ಉತ್ತರ ಅದರಡಿ ಹೂತುಹೋಗತ್ತೆ. ಆದ್ರೆ ಸಿರುಗುಪ್ಪದ ಇಬ್ಬರು? ಅವರಿಗೆ ಬಂದಿದ್ದು "ಸೂಕ್ತ ಕ್ರಮಕ್ಕಾಗಿ" ಪ್ರತಿ. ಒಬ್ಬನ ಮನೇಲಿ ಅವತ್ತು ಮದುವೆ, ಇನ್ನೊಬ್ಬ ತರ್ತಾನೆ ಅಂದ್ಕೊಂಡ. ಆ ಇನ್ನೊಬ್ಬನೂ ಹಂಗೇ ಅಂದ್ಕೊಂಡ. ಸರ್ ಮಾತ್ರ ಯಾರೂ ಬೇಡ ಅಂದಿಲ್ಲ, ಎಲ್ಲಾ ಒಪ್ಪಿದಾರೆ ಅಂತ ಓದ್ಕೊಂಡ್ರು. ಶನಿವಾರ ಪತ್ರ ಇಲ್ಲದೆ ಎಲ್ಲರೂ ಬಾಗಿಲಲ್ಲಿ. "ಪತ್ರ ನಾನು ತರ್ತೀನಿ, ಅವನು ಬರಲ್ಲ" ಅನ್ನೋ ಒಂದು ಸಾಲು ಸಾಕಿತ್ತು. ಅದನ್ನ Reply all ಲೇ ಕಳಿಸ್ಬೇಕು, ಯಾಕಂದ್ರೆ ತಪ್ಪು ಪ್ಲಾನ್ ಐದೂ ಜನ ಓದಿದಾರೆ. ಅದೇ ಕ್ಲಾಸ್ ರೆಪ್ ಮೇಲಿನ ಸಿಟ್ಟಾದ್ರೆ, ಅವಳೊಬ್ಬಳಿಗೇ ಬರೀರಿ.

(3/3)
"ಮೌನಂ ಸಮ್ಮತಿ ಲಕ್ಷಣಂ" ಅಂತ ಈಗ ಯಾರೋ ಹೇಳೇ ಹೇಳ್ತೀರಿ. 2005ರ ಮಾಹಿತಿ ಹಕ್ಕು ಕಾಯ್ದೆ ಉಲ್ಟಾ ಹೇಳತ್ತೆ: ಅರ್ಜಿಗೆ 30 ದಿನದಲ್ಲಿ ಉತ್ತರ ಬರದಿದ್ರೆ ನಿರಾಕರಿಸಿದ ಹಾಗೆ, ಮೇಲ್ಮನವಿ ಹಾಕ್ಬೋದು. ಅಲ್ಲಿ ಮೌನ ಅಂದ್ರೆ "ಇಲ್ಲ". ನಮ್ಮ ಮೇಲ್‌ಗೆ ಇಂಥ ಕಾಯ್ದೆ ಇಲ್ಲ, ಅದಕ್ಕೇ ಸರ್ "ಹೂಂ" ಅಂತ ಓದಿದ್ರು, ಹುಡುಗ್ರು "ನಂದಲ್ಲ" ಅಂತ ಓದಿದ್ರು.

ಹಂಗಂತ ರೆಪ್‌ನೂ ಬಿಡಲ್ಲ. ಸರ್ ಮುಂದೆ ನಮ್ಮ ತಲೆಗೆ ಕೆಲಸ ಕಟ್ಟಿ ನಮ್ಮನ್ನ Cc ಗೆ ದಬ್ಬೋದು ಯಾವ ನ್ಯಾಯ? ಕೆಲಸ ಹಚ್ಚೋದಾದ್ರೆ To ಲಿ ಹಾಕಮ್ಮ, "ಸಿರುಗುಪ್ಪದವರು" ಅನ್ನದೆ ಹೆಸರು ಹಿಡಿದು ಬರಿ.

ಇನ್ನೊಂದು. ನಿಮ್ಮನ್ನ Bcc ಲಿ ಹಾಕಿದ್ರೆ Reply all ಒತ್ಲೇಬೇಡಿ. ನೀವು ಕದ್ದು ಓದ್ತಿದ್ರಿ ಅಂತ ಎಲ್ಲರಿಗೂ ಗೊತ್ತಾಗತ್ತೆ, ನಿಮ್ಮನ್ನ ಸೇರಿಸ್ದವರ ಮಾನನೂ ಹೋಗತ್ತೆ.